ಒಂದೇ ಮಳೆ, ಎರಡು ಜಾಕೆಟ್: ಸ್ವೀಡ್ ಮೇಲೆ ನೀರಿನ ಕಲೆ ಉಳಿದ ಪ್ರಕರಣ

ಮೇ ತಿಂಗಳ ಒಂದು ಸಂಜೆ ಅಣ್ಣ ತಮ್ಮ ಇಬ್ಬರು ಬೈಕಿನಲ್ಲಿ ಮನೆಗೆ ಬರುತ್ತಿದ್ದರು. ಬೆಂಗಳೂರಿನಲ್ಲಿ ಆ ಹೊತ್ತಿಗೆ ಬರುವ ಮಳೆ ಮುನ್ಸೂಚನೆ ಕೊಡುವುದು ದಪ್ಪ ದಪ್ಪ ಹನಿಗಳ ಮೂಲಕ. ಹನಿ ಬಿದ್ದ ಕೂಡಲೇ ಇಬ್ಬರೂ ಫ್ಲೈಓವರ್ ಕೆಳಗೆ ನುಗ್ಗಿ ನಿಂತರು, ಮಳೆ ನಿಂತ ಮೇಲೆ ಮನೆ ಸೇರಿದರು. ತಮ್ಮ ತೊಟ್ಟಿದ್ದದ್ದು ತಂದೆಯ ಕಾಲದ ಕಪ್ಪು ಚರ್ಮದ ಜಾಕೆಟ್. ಹಿಂದೆ ಕುಳಿತಿದ್ದ ಅಣ್ಣನದ್ದು ತಿಳಿ ಕಂದು ಬಣ್ಣದ ಸ್ವೀಡ್ ಜಾಕೆಟ್, ಅಂದರೆ ಮೈಮೇಲೆ ನವಿರು ಎಳೆ ಎದ್ದಿರುವ ಚರ್ಮದ್ದು. ಇಬ್ಬರ ಮೇಲೂ ಬಿದ್ದದ್ದು ಒಂದೇ ಮಳೆಯ ಹನಿಗಳು, ಹೆಚ್ಚೆಂದರೆ ಒಂದೆರಡು ನಿಮಿಷ. ಕಪ್ಪು ಜಾಕೆಟ್ಟನ್ನು ಬಟ್ಟೆಯಿಂದ ಒರೆಸಿ ಮೊಳೆಗೆ ತಗುಲಿಹಾಕಿದರು, ಅದರ ಕಥೆ ಅಷ್ಟಕ್ಕೆ ಮುಗಿಯಿತು. ಸ್ವೀಡ್ ಜಾಕೆಟ್ ಕೆಲವು ದಿನಗಳ ನಂತರ ನನ್ನ ಮೇಜಿನ ಮೇಲೆ ಬಂದು ಬಿತ್ತು. ಚರ್ಮದ ಉಡುಪುಗಳ ದುರಸ್ತಿ ನನ್ನ ಕಸುಬು. ಇಂಥವು ಮಳೆಗಾಲದ ಮುಂಚೆ ಪ್ರತಿ ವರ್ಷ ಬರುತ್ತವೆ, ಆದರೆ ಈ ಜಾಕೆಟ್‌ನಲ್ಲಿ ಆಗಬಹುದಾದ ಬಹುಪಾಲು ಹಾನಿಗಳು ಒಟ್ಟಿಗೆ ಸೇರಿಕೊಂಡಿದ್ದವು. ಅದಕ್ಕೇ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಜಾಕೆಟ್ ಜೊತೆಗೆ ಬಂದಿದ್ದ ತಾಯಿ ಮೊದಲು ಕೇಳಿದ ಪ್ರಶ್ನೆ ಸರಿಯಾದ ಪ್ರಶ್ನೆಯೇ ಆಗಿತ್ತು. "ಹನಿ ಬಿದ್ದದ್ದು ಹೆಗಲಿಗೆ ಸಾರ್. ಎದೆಯ ಮೇಲೆ ಇಷ್ಟು ದೊಡ್ಡ ಕಲೆ ಹೇಗೆ ಬಂತು?"

ಮೇಜಿನ ಮೇಲೆ ಕಂಡದ್ದು

ಎರಡೂ ಹೆಗಲುಗಳ ಮೇಲೆ ಎಂಟಾಣೆ ಗಾತ್ರದ ದುಂಡು ಕಲೆಗಳು ಇದ್ದವು. ನಡುವೆ ಬಣ್ಣ ಹೆಚ್ಚುಕಡಿಮೆ ಮೊದಲಿನಂತೆಯೇ ಇತ್ತು, ಅಂಚಿನಲ್ಲಿ ಮಾತ್ರ ಗಾಢ ಕಂದು ಗೆರೆ. ಎಡ ಎದೆಯ ಮೇಲೆ ಅಂಗೈಗಿಂತ ದೊಡ್ಡದಾದ, ಭೂಪಟದಂತೆ ಅಂಕುಡೊಂಕಾದ ಕಲೆ. ಅದರ ಗೆರೆ ಇನ್ನೂ ಗಾಢ, ಮತ್ತು ಗೆರೆಯ ಮೇಲೆ ಅಲ್ಲಲ್ಲಿ ಬಿಳಿ ಪುಡಿಯಂಥ ಲೇಪ. ಬಲ ತೋಳಿನ ತುದಿ ಹಲಗೆಯಂತೆ ಗಟ್ಟಿಯಾಗಿ ಸುಕ್ಕುಗಟ್ಟಿತ್ತು. ಕಾಲರ್‌ನ ಒಳಬದಿಯಲ್ಲಿ ಕಪ್ಪಗೆ ಮಿನುಗುವ ಜಿಡ್ಡು. ಇದು ಮಳೆಗೆ ಸಂಬಂಧಪಟ್ಟದ್ದಲ್ಲ, ವರ್ಷಗಳಿಂದ ಕುತ್ತಿಗೆಯ ಬೆವರು ಮತ್ತು ತಲೆಗೆ ಹಚ್ಚಿದ ಎಣ್ಣೆ ಇಳಿದು ಕೂಡಿದ್ದು.

ಕೇಳಿ ತಿಳಿದ ಮೇಲೆ ಪ್ರತಿಯೊಂದಕ್ಕೂ ಕಾರಣ ಸಿಕ್ಕಿತು. ಹೆಗಲಿನ ಕಲೆಗಳು ಮಾತ್ರ ಮಳೆಯವು. ಎದೆಯ ಮೇಲೆ ಒಂದೆರಡು ಹನಿ ಬಿದ್ದಿದ್ದವು. ತಾಯಿ ಅದನ್ನು ಬೋರ್‌ವೆಲ್ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜಿದ್ದರು. ಒದ್ದೆಯಾಗಿದ್ದ ತೋಳಿನ ತುದಿಗೆ ಮಗ ಹೇರ್ ಡ್ರೈಯರ್ ಹಿಡಿದಿದ್ದ, ಅದೂ ಡ್ರೈಯರ್‌ನ ಬಾಯಿ ಚರ್ಮಕ್ಕೆ ತಗಲುವಷ್ಟು ಹತ್ತಿರ. ಹಾನಿಯ ಲೆಕ್ಕ ಹಾಕಿದರೆ ಮಳೆಯ ಪಾಲು ಸಣ್ಣದು, ಮನೆಯೊಳಗೆ ಆದದ್ದೇ ದೊಡ್ಡದು. ನನ್ನ ಬಳಿ ಬರುವ ಸ್ವೀಡ್‌ಗಳಲ್ಲಿ ಇದು ಹೊಸ ವಿಷಯವೇನೂ ಅಲ್ಲ.

ಕಪ್ಪು ಜಾಕೆಟ್‌ಗೆ ಏಕೆ ಏನೂ ಆಗಲಿಲ್ಲ

ಯಾವ ಚರ್ಮವನ್ನಾದರೂ ಬಿಡಿಸಿ ನೋಡಿದರೆ ಸಿಗುವುದು ಕೊಲಾಜನ್ ಎಂಬ ಪ್ರೋಟೀನಿನ ನಾರುಗಳ ಹೆಣಿಗೆ. ಟ್ಯಾನರಿಯಲ್ಲಿ ಅದನ್ನು ಹದ ಮಾಡಿ ಕೊಳೆಯದಂತೆ ಮಾಡುತ್ತಾರೆ. ಜಾಕೆಟ್‌ಗಳಿಗೆ ಬಳಸುವ ಚರ್ಮಕ್ಕೆ ಹೆಚ್ಚಾಗಿ ಕ್ರೋಮಿಯಂ ಲವಣಗಳ ಹದ. ಆಮೇಲೆ ದೊಡ್ಡ ಮರದ ಪೀಪಾಯಿಗಳಲ್ಲಿ ತಿರುಗಿಸುತ್ತ ಬಣ್ಣ ಊಡಿಸುತ್ತಾರೆ, ನೀರಿನಲ್ಲಿ ಬೆರೆಯುವಂತೆ ಮಾಡಿದ ಎಣ್ಣೆಯನ್ನು ನಾರುಗಳೊಳಗೆ ಕಳಿಸುತ್ತಾರೆ. ಟ್ಯಾನರಿಯವರು ಇದನ್ನು ಫ್ಯಾಟ್ ಲಿಕ್ಕರ್ ಎನ್ನುತ್ತಾರೆ. ನಾರು ನಾರಿಗೆ ಅಂಟಿಕೊಳ್ಳದೆ ಒಂದರ ಮೇಲೊಂದು ಜಾರುವುದು ಈ ಎಣ್ಣೆಯಿಂದ. ಜಾಕೆಟ್‌ನ ಮೃದುತ್ವ ಎಂದರೆ ಇದೇ. ಕೊನೆಗೆ ಫಾರ್ಮಿಕ್ ಆಮ್ಲ ಹಾಕಿ ಬಣ್ಣವನ್ನೂ ಎಣ್ಣೆಯನ್ನೂ ನಾರಿಗೆ ಕಚ್ಚುವಂತೆ ಮಾಡುತ್ತಾರೆ. ಹೀಗಾಗಿ ಸಿದ್ಧವಾದ ಚರ್ಮ ಸ್ವಲ್ಪ ಹುಳಿ ಗುಣದ್ದು. ಇದನ್ನು ನೆನಪಿಟ್ಟುಕೊಳ್ಳಿ, ಸೋಪಿನ ವಿಷಯ ಬಂದಾಗ ಬೇಕಾಗುತ್ತದೆ.

ಇಲ್ಲಿಯವರೆಗೆ ಎರಡೂ ಜಾಕೆಟ್‌ಗಳ ದಾರಿ ಒಂದೇ. ಇಲ್ಲಿಂದ ಮುಂದೆ ಬೇರೆ. ಕಪ್ಪು ಜಾಕೆಟ್‌ನದು ಪ್ರಾಣಿಯ ಚರ್ಮದ ಹೊರಮೈ. ಅದರ ಮೇಲೆ ವರ್ಣದ್ರವ್ಯ ಬೆರೆಸಿದ ಅಕ್ರಿಲಿಕ್ ಅಥವಾ ಪಾಲಿಯುರಿಥೇನಿನ ತೆಳು ಪದರ ಬಳಿದಿರುತ್ತಾರೆ. ಹನಿ ಬಿದ್ದರೆ ಆ ಪದರದ ಮೇಲೆ ಮುತ್ತಾಗಿ ನಿಲ್ಲುತ್ತದೆ, ಒರೆಸಿದರೆ ಹೋಗುತ್ತದೆ. ಸ್ವೀಡ್ ಎಂದರೆ ಚರ್ಮದ ಒಳಮೈ, ಅಂದರೆ ಮಾಂಸಕ್ಕೆ ಅಂಟಿಕೊಂಡಿದ್ದ ಬದಿ. ಅದನ್ನು ಎಮರಿ ಕಾಗದದಿಂದ ಉಜ್ಜಿ ನಾರಿನ ತುದಿಗಳನ್ನು ಎಬ್ಬಿಸಿರುತ್ತಾರೆ. ಮೇಲೆ ಯಾವ ಪದರವೂ ಇಲ್ಲ, ಲಕ್ಷಾಂತರ ಎಳೆಗಳು ಬಾಯಿ ತೆರೆದುಕೊಂಡು ನಿಂತಿವೆ. ಹೊರಮೈಯನ್ನೇ ಹೀಗೆ ಉಜ್ಜಿದರೆ ಅದು ನ್ಯೂಬಕ್, ಅದೂ ಇಷ್ಟೇ ಸೂಕ್ಷ್ಮ. ಇನ್ನು ಮೇಲ್ಪದರವಿಲ್ಲದೆ ಬರೀ ಬಣ್ಣ ಊಡಿಸಿದ ಅನಿಲಿನ್ ಚರ್ಮದ ಜಾಕೆಟ್‌ಗಳಿವೆ. ನೋಡಲು ನುಣುಪಾಗಿರುತ್ತವೆ, ದುಬಾರಿಯೂ ಹೌದು, ನೀರಿನ ವಿಷಯದಲ್ಲಿ ಮಾತ್ರ ಸ್ವೀಡ್‌ನ ಸಂಬಂಧಿಕರು. ನಿಮ್ಮ ನುಣುಪು ಜಾಕೆಟ್ ಯಾವ ಜಾತಿ ಎಂದು ತಿಳಿಯಲು ಒಳಮಡಿಕೆಯಲ್ಲಿ ಕಾಣದ ಕಡೆ ಬೆರಳ ತುದಿಯ ಒಂದು ಸಣ್ಣ ಹನಿ ಇಟ್ಟು ನೋಡಬೇಕು. ಹನಿ ನಿಂತೇ ಇದ್ದರೆ ಮೇಲ್ಪದರ ಇದೆ. ಇಂಗಿ ಕಪ್ಪಾದರೆ ಸ್ವೀಡ್‌ನಂತೆಯೇ ಎಚ್ಚರಿಕೆ ಬೇಕು.

ಕಲೆ ಇರುವುದು ಅಂಚಿನಲ್ಲಿ

ಬರೀ ನೀರು ಬಣ್ಣವಿಲ್ಲದ್ದು, ಆವಿಯಾಗಿ ಹೋಗುವಂಥದ್ದು. ಹಾಗಿದ್ದರೆ ಗಾಢ ಗೆರೆ ಹೇಗೆ ಬಂತು? ಮೇಜಿನ ಮೇಲೆ ಚೆಲ್ಲಿದ ಕಾಫಿಯ ಹನಿ ಒಣಗಿದಾಗ ನಡುವೆ ತಿಳಿಯಾಗಿ ಅಂಚಿಗೆ ಕಂದು ಉಂಗುರ ಉಳಿಯುವುದನ್ನು ನೋಡಿದ್ದೀರಿ. ಷಿಕಾಗೋ ವಿಶ್ವವಿದ್ಯಾಲಯದ ರಾಬರ್ಟ್ ಡೀಗನ್ ಮತ್ತು ಸಂಗಡಿಗರು 1997ರಲ್ಲಿ ನೇಚರ್ ಪತ್ರಿಕೆಯಲ್ಲಿ ಇದಕ್ಕೆ ಕಾರಣ ಬಿಡಿಸಿಟ್ಟರು. ಹನಿಯ ಅಂಚು ಬೇಗ ಒಣಗುತ್ತದೆ. ಅಂಚು ಇದ್ದಲ್ಲೇ ಕಚ್ಚಿಕೊಂಡಿರುವುದರಿಂದ, ಅಲ್ಲಿ ಕಳೆದುಹೋದ ನೀರನ್ನು ತುಂಬಲು ನಡುವಿನ ನೀರು ಹೊರಗೆ ಹರಿಯುತ್ತದೆ. ಹರಿಯುವಾಗ ತನ್ನಲ್ಲಿರುವುದನ್ನೆಲ್ಲ ಅಂಚಿಗೆ ಹೊತ್ತೊಯ್ದು ಸುರಿಯುತ್ತದೆ.

ಸ್ವೀಡ್‌ನಲ್ಲಿ ಆಗುವುದೂ ಇದೇ, ಹೆಚ್ಚು ಜೋರಾಗಿ. ಏಕೆಂದರೆ ಇಲ್ಲಿ ನೀರು ಮೇಲ್ಮೈ ಮೇಲೆ ಕೂರುವುದಿಲ್ಲ, ನಾರುಗಳ ನಡುವಿನ ಸಂದಿಗಳಲ್ಲಿ ಇಂಗಿ ಸುತ್ತಲೂ ಹರಡುತ್ತದೆ. ನಾರಿಗೆ ಪೂರ್ತಿ ಕಚ್ಚದ ಬಣ್ಣ, ಬೆವರಿನ ಉಪ್ಪು, ರಸ್ತೆಯ ನಯವಾದ ಧೂಳು, ಇವೆಲ್ಲ ಅದರೊಂದಿಗೆ ಹೊರಡುತ್ತವೆ. ನೀರು ಎಲ್ಲಿ ನಿಂತಿತೋ ಅಲ್ಲಿ ಅವು ರಾಶಿ ಬೀಳುತ್ತವೆ. ಅಂದರೆ ಗಾಢ ಗೆರೆಯಲ್ಲಿ ಇರುವುದು ಜಾಕೆಟ್‌ನದೇ ಬಣ್ಣ ಮತ್ತು ಜಾಕೆಟ್‌ನದೇ ಕೊಳೆ, ಜಾಗ ಬದಲಿಸಿಕೊಂಡು ಕುಳಿತದ್ದು. ಇದರ ಜೊತೆಗೆ ಇನ್ನೊಂದು ಸಣ್ಣ ಸಂಗತಿಯಿದೆ. ಒದ್ದೆಯಾದ ಎಳೆಗಳು ಒಂದಕ್ಕೊಂದು ಅಂಟಿ ಮಲಗಿಬಿಡುತ್ತವೆ. ಮಲಗಿದ ಎಳೆ ಬೆಳಕನ್ನು ಬೇರೆ ರೀತಿ ತೋರಿಸುವುದರಿಂದ ಬಣ್ಣವೇ ಬದಲಾದಂತೆ ಕಾಣುತ್ತದೆ. ಈ ಎರಡನೆಯದು ಬ್ರಷ್‌ಗೆ ಹೋಗುತ್ತದೆ, ಮೊದಲನೆಯದು ಹೋಗುವುದಿಲ್ಲ.

ಇದು ಅರ್ಥವಾದರೆ ತಾಯಿಯ ಪ್ರಶ್ನೆಗೂ ಉತ್ತರ ಸಿಗುತ್ತದೆ. ಒಂದು ಸಣ್ಣ ಕಲೆಯನ್ನು ಒದ್ದೆ ಬಟ್ಟೆಯಿಂದ ಉಜ್ಜಿದಾಗ ಅವರು ಆ ಕಲೆಯ ಅಂಚನ್ನು ಹೊರಕ್ಕೆ ತಳ್ಳಿ, ಅದಕ್ಕಿಂತ ದೊಡ್ಡ ಅಂಚನ್ನು ಹುಟ್ಟುಹಾಕಿದರು. ಜೊತೆಗೆ ಬೋರ್‌ವೆಲ್ ನೀರಿನಲ್ಲಿ ಕರಗಿದ್ದ ಸುಣ್ಣದ ಅಂಶ ಒಣಗಿ ಬಿಳಿ ಪುಡಿಯಾಗಿ ಗೆರೆಯ ಮೇಲೆ ಕುಳಿತಿತ್ತು. ಮಳೆ ನೀರಿನಲ್ಲಿ ಆ ಸುಣ್ಣ ಇರುವುದಿಲ್ಲ, ಅದಕ್ಕೇ ಹೆಗಲಿನ ಕಲೆಗಳಲ್ಲಿ ಬಿಳಿ ಕಾಣಲಿಲ್ಲ. ಇದೇ ಕಾರಣಕ್ಕೆ ತಲೆಕೆಳಗು ಎನಿಸುವ ಇನ್ನೊಂದು ಮಾತೂ ನಿಜ: ಪೂರ್ತಿ ತೊಯ್ದು ತೊಪ್ಪೆಯಾದ ಸ್ವೀಡ್ ಜಾಕೆಟ್‌ನಲ್ಲಿ, ಅದನ್ನು ನಿಧಾನವಾಗಿ ಒಣಗಿಸಿದರೆ, ನಾಲ್ಕು ಹನಿ ಬಿದ್ದ ಜಾಕೆಟ್‌ಗಿಂತ ಕಡಿಮೆ ಉಂಗುರಗಳಿರುತ್ತವೆ. ತೋಯದ ಭಾಗವೇ ಇಲ್ಲದಿದ್ದರೆ ಅಂಚಾದರೂ ಎಲ್ಲಿಂದ ಬರಬೇಕು?

ಆದ್ದರಿಂದ ಕಲೆಯನ್ನು ತೆಗೆಯಲು ಹೋಗಬಾರದು. ಅಂಚನ್ನು ಹೊಲಿಗೆಯವರೆಗೆ ಸಾಗಿಸಬೇಕು. ಈ ಜಾಕೆಟ್ ಆಡಿನ ಚರ್ಮದ್ದು. ಆಡಿನ ಚರ್ಮ ಚಿಕ್ಕದು, ಒಂದಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ಚದರ ಅಡಿ. ಅದಕ್ಕೇ ಇಂಥ ಜಾಕೆಟ್ಟನ್ನು ಹಲವು ತುಂಡುಗಳಿಂದ ಹೊಲಿದಿರುತ್ತಾರೆ. ಹೊಲಿಗೆಯಿಂದ ಹೊಲಿಗೆಯವರೆಗಿನ ಒಂದು ತುಂಡನ್ನು ಒಂದೇ ಸಮ ತೇವ ಮಾಡಿದರೆ ಬಣ್ಣ ಮತ್ತೆ ಹರಡಿಕೊಳ್ಳುತ್ತದೆ, ಉಳಿದ ಗೆರೆ ಹೊಲಿಗೆಯ ಸಂದಿಯಲ್ಲಿ ಅಡಗುತ್ತದೆ. ಈ ಜಾಕೆಟ್‌ಗೆ ನಾನು ಮಾಡಿದ್ದು ಇಷ್ಟೇ. ಆದರೆ ಇದಕ್ಕೆ ಮೊದಲು ಮಾಡಬೇಕಾದ ಒಣ ಕೆಲಸವೇ ಹೆಚ್ಚು.

ಒಣ ಕೆಲಸ

ಧೂಳು ಇದ್ದಂತೆಯೇ ತೇವ ಮಾಡಿದರೆ ಆ ಧೂಳೆಲ್ಲ ಕೆಸರಾಗಿ ಹೊಸ ಗೆರೆಯಾಗುತ್ತದೆ. ಹಾಗಾಗಿ ಮೊದಲು ಇಡೀ ಜಾಕೆಟ್ಟನ್ನು ಮೃದು ಬ್ರಷ್‌ನಿಂದ ಒಂದೇ ದಿಕ್ಕಿಗೆ, ಮೇಲಿನಿಂದ ಕೆಳಕ್ಕೆ ಉಜ್ಜಿದೆ. ಸ್ವೀಡ್ ಬ್ರಷ್ ಎಂದು ಚಪ್ಪಲಿ ಅಂಗಡಿಗಳಲ್ಲಿ ಸಿಗುವುದರಲ್ಲಿ ಒಂದು ಬದಿ ಹಿತ್ತಾಳೆ ತಂತಿ, ಇನ್ನೊಂದು ಬದಿ ರಬ್ಬರ್ ಇರುತ್ತದೆ. ಬೂಟಿಗೆ ತಂತಿ ನಡೆಯುತ್ತದೆ. ಜಾಕೆಟ್‌ನ ಚರ್ಮ ತೆಳು, ಅದಕ್ಕೆ ರಬ್ಬರ್ ಬದಿ ಸಾಕು. ಅದೂ ಇಲ್ಲದಿದ್ದರೆ ಹೊಸ ನೈಲಾನ್ ಉಗುರು ಬ್ರಷ್ ಆಗುತ್ತದೆ. ಹಳೆಯ ಪಾಲಿಶ್ ಬ್ರಷ್ ಮಾತ್ರ ಬೇಡ, ಅದರಲ್ಲಿ ಉಳಿದ ಮೇಣ ಎಳೆಗಳಿಗೆ ಮೆತ್ತಿಕೊಂಡರೆ ಬಿಡಿಸಲಾಗದು.

ಹೆಗಲಿನ ಉಂಗುರಗಳ ಮೇಲೆ ಮಕ್ಕಳು ಬಳಸುವ ಬಿಳಿ ಪೆನ್ಸಿಲ್ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿದೆ. ಬಣ್ಣದ ರಬ್ಬರ್ ತನ್ನ ಬಣ್ಣ ಬಿಡುತ್ತದೆ, ಅದನ್ನು ಮುಟ್ಟಬಾರದು. ಬಲ ಹೆಗಲಿನ ಮೂರು ನಾಲ್ಕು ಸಣ್ಣ ಕಲೆಗಳು ಇಷ್ಟಕ್ಕೇ ಮಾಯವಾದವು. ಅವು ಎಳೆ ಮಲಗಿ ಆದ ಕಲೆಗಳು, ಬಣ್ಣ ಸರಿದಿರಲಿಲ್ಲ. ಮನೆಯಲ್ಲಿ ಮಾಡುವವರಿಗೆ ಹೇಳುವುದೇನೆಂದರೆ, ಎಷ್ಟೋ ಪ್ರಕರಣಗಳು ಇಲ್ಲಿಗೇ ಮುಗಿಯುತ್ತವೆ. ಒಣಗಿದ ಮೇಲೆ ಬ್ರಷ್ ಮತ್ತು ರಬ್ಬರ್ ಹಿಡಿದು ನೋಡುವ ಮೊದಲು ನೀರಿನ ಬಾಟಲಿಗೆ ಕೈ ಹಾಕಬೇಡಿ.

ಕಾಲರ್‌ನ ಜಿಡ್ಡಿಗೆ ನೀರು ಉಪಯೋಗವಿಲ್ಲ, ಅದು ಎಣ್ಣೆ. ಅದರ ಮೇಲೆ ಕಾರ್ನ್ ಫ್ಲೋರ್ ದಪ್ಪಗೆ ಹರಡಿ, ಬೆರಳಿನಿಂದ ಮೆಲ್ಲಗೆ ಒತ್ತಿ ಒಂದು ರಾತ್ರಿ ಬಿಟ್ಟೆ. ಬೆಳಗ್ಗೆ ಬ್ರಷ್ ಮಾಡಿದಾಗ ಪುಡಿ ಕೊಳಕು ಹಳದಿಗೆ ತಿರುಗಿತ್ತು. ಇನ್ನೊಮ್ಮೆ ಹಾಕಿದಾಗ ಬೆಳ್ಳಗೇ ಉಳಿಯಿತು, ಅಂದರೆ ಪುಡಿ ಹೀರಬಲ್ಲಷ್ಟನ್ನು ಹೀರಿಯಾಯಿತು. ಮಿನುಗು ಅರ್ಧಕ್ಕಿಂತ ಹೆಚ್ಚು ಇಳಿಯಿತು, ಪೂರ್ತಿ ಹೋಗಲಿಲ್ಲ. ಹಳೆಯ ಜಿಡ್ಡು ನಾರಿನ ಆಳಕ್ಕೆ ಇಳಿದಿರುತ್ತದೆ. ಮನೆಯಲ್ಲಿ ಕೆಲವರು ಕಡಲೆಹಿಟ್ಟು ಹಾಕುತ್ತಾರೆ. ಕಡಲೆಹಿಟ್ಟಿಗೆ ತನ್ನದೇ ಹಳದಿಯಿದೆ, ತನ್ನದೇ ಜಿಡ್ಡೂ ಇದೆ. ಅದು ಬಜ್ಜಿಗೆ ಒಳ್ಳೆಯದು.

ತೇವದ ಕೆಲಸ

ಮೊದಲು ಬಣ್ಣದ ಪರೀಕ್ಷೆ. ಒಳಗೆ ಜಿಪ್ ಪಕ್ಕದ ಮಡಿಕೆಯ ಮೇಲೆ ತೇವ ಮಾಡಿದ ಬಿಳಿ ಹತ್ತಿ ಬಟ್ಟೆಯನ್ನು ಒತ್ತಿ ಅರ್ಧ ನಿಮಿಷ ಹಿಡಿದೆ. ಬಟ್ಟೆಗೆ ತೆಳ್ಳನೆಯ ಕಂದು ಛಾಯೆ ಬಂತು. ಇಷ್ಟು ಸಹಜ. ಬಟ್ಟೆ ಚೆನ್ನಾಗಿಯೇ ಬಣ್ಣ ಹಿಡಿದಿದ್ದರೆ ಮನೆಯ ಕೆಲಸ ಅಲ್ಲಿಗೇ ನಿಲ್ಲಿಸಬೇಕಾಗುತ್ತಿತ್ತು. ಕಡು ನೀಲಿ, ಕೆಂಪು, ಕಪ್ಪು ಸ್ವೀಡ್‌ಗಳಲ್ಲಿ ಹೀಗಾಗುವುದುಂಟು, ಅವು ಪಕ್ಕದ ತಿಳಿ ಬಣ್ಣದ ತುಂಡಿಗೂ ಒಳಪದರಕ್ಕೂ ಹತ್ತಿಕೊಳ್ಳುತ್ತವೆ.

ನೀರು ಭಟ್ಟಿ ಇಳಿಸಿದ್ದೇ ಆಗಬೇಕು. ಇನ್ವರ್ಟರ್‌ಗೆ ಹಾಕಲು ಅಂಗಡಿಯಲ್ಲಿ ಮಾರುವ ಡಿಸ್ಟಿಲ್ಡ್ ವಾಟರ್ ಸಾಕು, ಆದರೆ ಚೀಟಿ ಓದಿ ತೆಗೆದುಕೊಳ್ಳಿ. ಅದೇ ಕಪಾಟಿನಲ್ಲಿ ಬ್ಯಾಟರಿ ಆಮ್ಲವನ್ನೂ ಇಟ್ಟಿರುತ್ತಾರೆ.

ಎದೆಯ ತುಂಡಿನ ಬಿಳಿ ಪುಡಿಗೆ ಮೊದಲು ಒಣ ಬ್ರಷ್, ಉಳಿದದ್ದಕ್ಕೆ ಒಂದು ಲೋಟ ಡಿಸ್ಟಿಲ್ಡ್ ನೀರಿಗೆ ಒಂದು ಚಮಚ ಬಿಳಿ ವಿನೆಗರ್. ಸುಣ್ಣ ಹುಳಿಗೆ ಕರಗುತ್ತದೆ, ಮತ್ತು ಚರ್ಮವೇ ಹುಳಿ ಗುಣದ್ದಾದ್ದರಿಂದ ಇಷ್ಟು ತೆಳು ವಿನೆಗರ್ ಅದಕ್ಕೆ ಒಗ್ಗುತ್ತದೆ. ಸೋಪು, ಬಟ್ಟೆ ಒಗೆಯುವ ಪುಡಿ, ಅಡುಗೆ ಸೋಡ ಒಗ್ಗುವುದಿಲ್ಲ. ಅವು ಕ್ಷಾರ. ಟ್ಯಾನರಿಯಲ್ಲಿ ಆಮ್ಲ ಹಾಕಿ ಕಚ್ಚಿಸಿದ ಬಣ್ಣವನ್ನೂ ಎಣ್ಣೆಯನ್ನೂ ಕ್ಷಾರ ಸಡಿಲಿಸುತ್ತದೆ. ಬಣ್ಣ ಮಾಸಿ ಚರ್ಮ ಬಿರುಸಾಗುತ್ತದೆ. ವಿನೆಗರ್ ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯನ್ನು ಬಿಳಿ ಇದ್ದ ಕಡೆ ಒತ್ತಿ ಒತ್ತಿ ತೆಗೆದು, ಅದು ಒಣಗುವ ಮುಂಚೆಯೇ ಮುಂದಿನ ಹೆಜ್ಜೆಗೆ ಹೋದೆ. ಒಣಗಲು ಬಿಟ್ಟಿದ್ದರೆ ಅಲ್ಲೂ ಹೊಸ ಉಂಗುರ ಕಾಣುತ್ತಿತ್ತು.

ಹೂವಿಗೆ ನೀರು ಚಿಮುಕಿಸುವ ಸ್ಪ್ರೇ ಬಾಟಲಿಯನ್ನು ಅತಿ ಸಣ್ಣ ತುಂತುರಿಗೆ ತಿರುಗಿಸಿ, ಸುಮಾರು ಒಂದಡಿ ದೂರದಿಂದ, ಕಾಲರ್‌ನ ಹೊಲಿಗೆಯಿಂದ ಜೇಬಿನ ಹೊಲಿಗೆಯವರೆಗೆ, ಜಿಪ್‌ನಿಂದ ಪಕ್ಕದ ಹೊಲಿಗೆಯವರೆಗೆ ಇಡೀ ತುಂಡಿನ ಮೇಲೆ ಮಂಜಿನಂತೆ ಬಿಟ್ಟೆ. ಬಾಟಲಿಯ ಮೊದಲ ಒತ್ತು ಯಾವಾಗಲೂ ದಪ್ಪ ಹನಿ ಉಗುಳುತ್ತದೆ, ಅದನ್ನು ಬೇರೆಡೆ ಒತ್ತಿ ಕಳೆಯಬೇಕು. ತುಂಡು ಒಂದೇ ಸಮ ಗಾಢವಾಗಬೇಕು, ನೀರು ತೊಟ್ಟಿಕ್ಕಬಾರದು, ಒಳಪದರಕ್ಕೆ ಇಳಿಯಲೂಬಾರದು. ಹಳೆಯ ಗೆರೆಯ ಮೇಲೆ ಒದ್ದೆ ಸ್ಪಂಜನ್ನು ಚೆನ್ನಾಗಿ ಹಿಂಡಿ, ಗೆರೆಯಿಂದ ಎರಡೂ ಕಡೆಗೆ ತಟ್ಟುತ್ತ ಹೋದೆ. ಉಜ್ಜಲಿಲ್ಲ, ತಟ್ಟಿದೆ. ಒದ್ದೆಯಲ್ಲಿ ಉಜ್ಜಿದರೆ ಎಳೆ ಕಿತ್ತು ಬರುತ್ತದೆ. ಕೊನೆಗೆ ಬಿಳಿ ಟವೆಲ್ ಒತ್ತಿ ಹೆಚ್ಚಿನ ತೇವ ಹೀರಿಸಿದೆ. ಇದೇ ರೀತಿ ಎರಡೂ ಹೆಗಲಿನ ತುಂಡುಗಳಿಗೆ. ಎಡ ಎದೆಗೆ ಮಾಡಿದ್ದನ್ನು ಕಲೆಯೇ ಇಲ್ಲದ ಬಲ ಎದೆಗೂ ಮಾಡಿದೆ. ಇಲ್ಲದಿದ್ದರೆ ಕಲೆ ಹೋದರೂ ಎರಡು ಬದಿಯ ಛಾಯೆ ಬೇರೆಯಾಗಿ ಕಣ್ಣಿಗೆ ಹೊಡೆಯುತ್ತದೆ.

ಒಣಗಿಸುವುದರಲ್ಲಿ ಬಹಳ ಜನ ಕೆಡಿಸಿಕೊಳ್ಳುತ್ತಾರೆ. ಅಗಲ ಭುಜದ ಹ್ಯಾಂಗರ್‌ಗೆ ಹಾಕಿ, ತೋಳುಗಳೊಳಗೆ ಅಚ್ಚಿಲ್ಲದ ಬಿಳಿ ಕಾಗದ ತುಂಬಿ, ನೆರಳಿನಲ್ಲಿ ಗಾಳಿಯಾಡುವ ಕಡೆ ತೂಗುಹಾಕಿದೆ. ತಿಳಿ ಬಣ್ಣದ ಸ್ವೀಡ್‌ಗೆ ದಿನಪತ್ರಿಕೆ ತುರುಕಿದರೆ ಮಸಿ ಹತ್ತುತ್ತದೆ. ಫ್ಯಾನ್ ಕೋಣೆಯಲ್ಲಿ ತಿರುಗುತ್ತಿದ್ದರೆ ಸಾಕು, ನೇರ ಗಾಳಿ ಬೇಡ, ಬಿಸಿಲಂತೂ ಬೇಡವೇ ಬೇಡ. ಪೂರ್ತಿ ಒಣಗಲು ಒಂದೆರಡು ದಿನ ಬೇಕು. ಮುಟ್ಟಿದರೆ ತಣ್ಣಗೆ ಅನಿಸುತ್ತದೆ, ಆದರೆ ಕೈಗೆ ತೇವ ಹತ್ತುವುದಿಲ್ಲ ಎನ್ನುವ ಹಂತ ಬಂದಾಗ ತುಂಡನ್ನು ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಎಲ್ಲ ದಿಕ್ಕಿಗೂ ಎಳೆದು, ಬಾಗಿಸಿ, ಹಿಸುಕಿದೆ. ಟ್ಯಾನರಿಗಳಲ್ಲಿ ಇದಕ್ಕೆ ಯಂತ್ರವೇ ಇದೆ, ಸ್ಟೇಕಿಂಗ್ ಎನ್ನುತ್ತಾರೆ. ಒಣಗುತ್ತ ಒಂದಕ್ಕೊಂದು ಅಂಟಿಕೊಳ್ಳಲು ಹೊರಟ ನಾರುಗಳನ್ನು ಆ ಹೊತ್ತಿನಲ್ಲಿ ಬಿಡಿಸಿದರೆ ಚರ್ಮ ಮೆತ್ತಗೆ ಉಳಿಯುತ್ತದೆ. ಪೂರ್ತಿ ಒಣಗಿದ ಮೇಲೆ ಇಡೀ ಜಾಕೆಟ್‌ಗೆ ಮತ್ತೆ ಬ್ರಷ್.

ಹೆಗಲಿನ ಉಂಗುರಗಳು ಪೂರ್ತಿ ಹೋದವು. ಎದೆಯ ಗೆರೆ ಮೊದಲ ಸಲಕ್ಕೆ ಮಸುಕಾಯಿತು, ಹಗಲು ಬೆಳಕಿನಲ್ಲಿ ಓರೆಯಾಗಿ ನೋಡಿದರೆ ಇನ್ನೂ ಕಾಣುತ್ತಿತ್ತು. ಇನ್ನೊಂದು ಸಲ ತೇವ ಮಾಡಿ ಒಣಗಿಸಿದ ಮೇಲೆ ಹುಡುಕಿದರೆ ಮಾತ್ರ ಸಿಗುವಷ್ಟಾಯಿತು. ಅಲ್ಲಿಗೆ ಬಿಟ್ಟೆ. ಪ್ರತಿ ಸಲ ತೇವವಾದಾಗಲೂ ಒಂದಿಷ್ಟು ಬಣ್ಣ, ಒಂದಿಷ್ಟು ಎಣ್ಣೆ ನಾರಿನಿಂದ ಕಳಚುತ್ತದೆ. ಗೆರೆಯ ಹಿಂದೆ ಬಿದ್ದು ಜಾಕೆಟ್ಟನ್ನೇ ಬಿರುಸು ಮಾಡಿಕೊಂಡವರಿದ್ದಾರೆ.

ತೋಳಿನ ತುದಿ

ಹೇರ್ ಡ್ರೈಯರ್ ತಾಗಿದ ಜಾಗದಲ್ಲಿ ಎರಡು ಬೇರೆ ಬೇರೆ ಹಾನಿಗಳು ಆಗಿರಬಹುದು, ಕೈಗೆ ಎರಡೂ ಗಟ್ಟಿ ಎಂದೇ ತೋರುತ್ತವೆ. ಒಂದು, ಬೇಗ ಒಣಗಿದ್ದರಿಂದ ನಾರುಗಳು ಅಂಟಿಕೊಂಡಿರುವುದು. ಇನ್ನೊಂದು, ಒದ್ದೆ ಚರ್ಮ ಬಿಸಿಗೆ ಕುಗ್ಗಿಹೋಗಿರುವುದು. ಒದ್ದೆಯಾಗಿದ್ದಾಗ ಚರ್ಮ ತಾಳುವ ಶಾಖಕ್ಕೆ ಒಂದು ಮಿತಿಯಿದೆ. ಒಳ್ಳೆಯ ಕ್ರೋಮ್ ಹದದ ಚರ್ಮ ಸುಮಾರು ನೂರು ಡಿಗ್ರಿವರೆಗೆ ತಡೆಯುತ್ತದೆ, ಕ್ರೋಮಿಯಂ ಬದಲು ಮರದ ತೊಗಟೆಯಿಂದ ಹದ ಮಾಡಿದ್ದು ಎಂಬತ್ತರ ಆಸುಪಾಸಿನಲ್ಲೇ ಸೋಲುತ್ತದೆ. ಅದನ್ನು ದಾಟಿದರೆ ಕೊಲಾಜನ್ ಸುರುಳಿಯೇ ಕುಸಿಯುತ್ತದೆ, ಮತ್ತೆ ನೇರವಾಗುವುದಿಲ್ಲ.

ಯಾವುದು ಆಗಿದೆ ಎಂದು ತಿಳಿಯಲು ಅಳತೆ ಟೇಪ್ ಸಾಕು. ಎಡ ತೋಳಿನ ತುದಿಯ ಸುತ್ತಳತೆ ಅಳೆದು ಬಲದ್ದಕ್ಕೆ ಹೋಲಿಸಿದೆ. ಬಲದ್ದು ಒಂದು ಸೆಂಟಿಮೀಟರ್‌ನಷ್ಟು ಕಡಿಮೆ ಇತ್ತು. ಹೊಲಿಗೆಯ ದಾರ ನೆಟ್ಟಗಿದ್ದರೂ ಚರ್ಮ ಅದರ ಪಕ್ಕದಲ್ಲಿ ನೆರಿಗೆ ಹಿಡಿದಿತ್ತು. ಎರಡೂ ಸೇರಿದ್ದವು ಎಂದರ್ಥ. ತೇವ ಮಾಡಿ ಎಳೆದು ಬಾಗಿಸಿದಾಗ ಅಂಟಿಕೊಂಡಿದ್ದ ಭಾಗ ಮೆತ್ತಗಾಯಿತು. ಕುಗ್ಗಿದ ಎರಡು ಬೆರಳಗಲದ ಜಾಗ ಹಾಗೆಯೇ ಉಳಿಯಿತು. ಮನೆಯಲ್ಲಿ ಇಂಥ ಕಡೆ ಕೊಬ್ಬರಿ ಎಣ್ಣೆ ತಿಕ್ಕುವವರಿದ್ದಾರೆ. ಸ್ವೀಡ್ ಮೇಲೆ ಎಣ್ಣೆ ಹಾಕಿದರೆ ಎಳೆಗಳು ಮಲಗಿ ಕಪ್ಪು ಮಚ್ಚೆಯಾಗುತ್ತದೆ, ಕುಗ್ಗಿದ್ದು ಹಿಗ್ಗುವುದೂ ಇಲ್ಲ. ಎರಡೂ ತೋಳಿನ ತುದಿಯನ್ನು ಸಮವಾಗಿ ಒಳಗೆ ಮಡಿಚಿ ಹೊಲಿಯುವುದೊಂದೇ ದಾರಿ ಎಂದೆ. ಜಾಕೆಟ್‌ನ ಯಜಮಾನ ಒಪ್ಪಿದ, ತೋಳು ಒಂದೂವರೆ ಇಂಚು ಗಿಡ್ಡವಾಯಿತು.

ಇಷ್ಟೆಲ್ಲ ಏಕೆ, ಡ್ರೈ ಕ್ಲೀನಿಂಗ್‌ಗೆ ಕೊಡಬಹುದಿತ್ತಲ್ಲ ಎಂದು ಅವನೇ ಕೇಳಿದ. ಚರ್ಮಕ್ಕೆಂದೇ ಕೆಲಸ ಮಾಡುವ ಕಡೆ ಕೊಡಬಹುದು. ಸೂಟು, ಸೀರೆಗಳ ಡ್ರೈ ಕ್ಲೀನಿಂಗ್‌ನಲ್ಲಿ ಬಳಸುವ ದ್ರಾವಕ ಜಿಡ್ಡಿನ ಜೊತೆಗೆ ಚರ್ಮದೊಳಗಿನ ಎಣ್ಣೆಯನ್ನೂ ಎಳೆದುಬಿಡುತ್ತದೆ. ಚರ್ಮದ ಕೆಲಸ ಬಲ್ಲವರು ಆಮೇಲೆ ಎಣ್ಣೆಯನ್ನು ಮರಳಿ ಊಡಿಸುತ್ತಾರೆ, ಮಾಮೂಲಿ ಅಂಗಡಿಯವರು ಊಡಿಸುವುದಿಲ್ಲ. ಪೆಟ್ರೋಲ್ ಅಥವಾ ಥಿನ್ನರ್‌ನಿಂದ ಮನೆಯಲ್ಲೇ ಒರೆಸುವುದು ಇದರ ಇನ್ನೂ ಕೆಟ್ಟ ರೂಪ. ಬೆಂಕಿಯ ಅಪಾಯ ಒಂದು ಕಡೆಗಿರಲಿ, ಮಡಿಕೆಗಳನ್ನು ಹಿಡಿದಿರುವ ರಬ್ಬರ್ ಅಂಟೂ ಕರಗಿ ಅಂಚುಗಳು ಬಿಚ್ಚಿಕೊಳ್ಳುತ್ತವೆ.

ಆಗಸ್ಟಿನಲ್ಲಿ ಕಪ್ಪು ಜಾಕೆಟ್‌ನ ಸರದಿ

ಮೇ ತಿಂಗಳಲ್ಲಿ ಏನೂ ಆಗದ ಕಪ್ಪು ಜಾಕೆಟ್ ಮಳೆಗಾಲದ ನಡುವೆ ಬಂತು. ಕಂಕುಳು ಮತ್ತು ಕಾಲರ್ ಬಳಿ ಬಿಳಿ ಹಾಸು. ಚರ್ಮದ ಮೇಲೆ ಬಿಳಿ ಕಂಡರೆ ಎಲ್ಲರೂ ಬೂಸ್ಟು ಎನ್ನುತ್ತಾರೆ. ಯಾವಾಗಲೂ ಬೂಸ್ಟೇ ಆಗಿರಬೇಕಿಲ್ಲ. ಒಳಗಿನ ಕೊಬ್ಬಿನ ಅಂಶ ಮೇಲಕ್ಕೆ ಬಂದು ಹೆಪ್ಪುಗಟ್ಟಿದರೂ ಹೀಗೇ ಕಾಣುತ್ತದೆ. ಹೇರ್ ಡ್ರೈಯರ್‌ಗೆ ಒಂದು ಒಳ್ಳೆಯ ಉಪಯೋಗ ಇಲ್ಲಿದೆ: ಒಣ ಜಾಕೆಟ್ ಮೇಲೆ, ಕಡಿಮೆ ಬಿಸಿಯಲ್ಲಿ, ಒಂದಡಿ ದೂರದಿಂದ ಕೆಲವು ಕ್ಷಣ ಹಿಡಿದರೆ ಕೊಬ್ಬು ಕರಗಿ ಬಿಳಿ ಮಾಯವಾಗುತ್ತದೆ, ಬೂಸ್ಟು ಅಲ್ಲಾಡುವುದಿಲ್ಲ. ಇಲ್ಲಿ ಅಲ್ಲಾಡಲಿಲ್ಲ, ಮುಗ್ಗಲು ವಾಸನೆಯೂ ಇತ್ತು.

ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಮನೆಯ ಹೊರಗೆ ಒಣ ಬ್ರಷ್‌ನಿಂದ ಉದುರಿಸಿ, ಹಿಂಡಿದ ಬಟ್ಟೆಯಿಂದ ಒರೆಸಿ, ಗಾಳಿಗೆ ಹಾಕಿದೆ. ಮೇಲ್ಪದರ ಇರುವ ಚರ್ಮವಾದ್ದರಿಂದ ಇಷ್ಟು ಸುಲಭವಾಯಿತು. ಸ್ವೀಡ್‌ನಲ್ಲಿ ಬೂಸ್ಟು ಎಳೆಗಳ ಬುಡಕ್ಕೆ ಇಳಿದು ಕಲೆ ಬಿಡುತ್ತದೆ.

ಎರಡೂ ಜಾಕೆಟ್‌ಗಳನ್ನು ಇಟ್ಟಿದ್ದದ್ದು ಹೊರಗೋಡೆಗೆ ಅಂಟಿಸಿ ನಿಲ್ಲಿಸಿದ ಕಬ್ಬಿಣದ ಬೀರುವಿನಲ್ಲಿ. ಸ್ವೀಡ್ ಅಲ್ಲಿ ಪಾರಾಗಿತ್ತು, ಏಕೆಂದರೆ ಶುಚಿಯಾಗಿ ಹೋಗಿತ್ತು ಮತ್ತು ಹತ್ತಿ ಹೊದಿಕೆಯಲ್ಲಿತ್ತು. ಕಪ್ಪು ಜಾಕೆಟ್ ತೊಟ್ಟು ಬಿಟ್ಟಂತೆಯೇ, ಬೆವರಿನ ಸಮೇತ, ಅಂಗಡಿಯ ಪ್ಲಾಸ್ಟಿಕ್ ಚೀಲದೊಳಗೆ ಕುಳಿತಿತ್ತು. ಬೂಸ್ಟಿಗೆ ಬೇಕಾದದ್ದು ಎರಡೇ, ತೇವ ಮತ್ತು ಆಹಾರ. ಗಾಳಿಯ ತೇವಾಂಶ ಶೇಕಡಾ 65–70 ದಾಟಿ ಅಲ್ಲೇ ನಿಂತರೆ ಅದು ಏಳುತ್ತದೆ. ಬೆಂಗಳೂರಿನ ಮಳೆಗಾಲದಲ್ಲಿ ಮುಚ್ಚಿದ ಬೀರುವಿನೊಳಗೆ ಇದು ಮಾಮೂಲು, ಮಡಿಕೇರಿ, ಆಗುಂಬೆಗಳ ಕಡೆ ಮನೆಯೊಳಗೇ ಮಾಮೂಲು. ಚರ್ಮಕ್ಕೆ ಹಿತವಾದದ್ದು ಶೇಕಡಾ 45ರಿಂದ 55. ಬೀರುವಿನೊಳಗೆ ಎಷ್ಟಿದೆ ಎಂದು ತೋರಿಸುವ ಪುಟ್ಟ ಮೀಟರ್ ಈಗ ಆನ್‌ಲೈನ್ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುತ್ತದೆ. ಊಹೆಗಿಂತ ಅದು ವಾಸಿ.

ಅವರಿಗೆ ಬೀರುವನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆಯಲು ಹೇಳಿದೆ. ಪ್ಲಾಸ್ಟಿಕ್ ತೆಗೆದು ಹಳೆಯ ಹತ್ತಿ ಪಂಚೆಯಿಂದ ಸಡಿಲ ಹೊದಿಕೆ ಹೊಲಿಸಲು, ಮಳೆ ಬಿಟ್ಟ ದಿನ ಬಾಗಿಲು ಒಂದಿಷ್ಟು ಹೊತ್ತು ತೆರೆದಿಡಲು. ತಂತಿ ಹ್ಯಾಂಗರ್ ಹೆಗಲಿನಲ್ಲಿ ಗೂನು ಎಬ್ಬಿಸುತ್ತದೆ, ಅಗಲವಾದದ್ದು ಬೇಕು. ಸಿಲಿಕಾ ಜೆಲ್ ಕಾಳುಗಳನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ ಬೀರುವಿನ ತಳದಲ್ಲಿಡಬಹುದು. ಬಣ್ಣ ಬದಲಿಸುವ ಜಾತಿಯದಾದರೆ ಯಾವಾಗ ತುಂಬಿತು ಎಂದು ಅದೇ ಹೇಳುತ್ತದೆ. ಆಗ ತೆಗೆದು ಓವನ್ನಿನಲ್ಲಿ ಸುಮಾರು 110 ಡಿಗ್ರಿಯಲ್ಲಿ ಒಂದೆರಡು ಗಂಟೆ ಒಣಗಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ನೀರು ಹೀರಿ ಡಬ್ಬಿಯ ತಳದಲ್ಲಿ ದ್ರವ ಕೂಡಿಸುವ ಇನ್ನೊಂದು ಬಗೆ ಬರುತ್ತದೆ. ಅದರೊಳಗಿರುವುದು ಕ್ಯಾಲ್ಸಿಯಂ ಕ್ಲೋರೈಡ್. ಆ ಡಬ್ಬಿ ಉರುಳಿ ಉಪ್ಪು ನೀರು ಜಾಕೆಟ್‌ಗೆ ತಾಗಿದರೆ ಮಳೆ ಹನಿಯ ಕಲೆ ಎಷ್ಟೋ ಮೇಲು ಎನಿಸುತ್ತದೆ. ಆ ಉಪ್ಪು ಗಾಳಿಯಿಂದ ನೀರು ಎಳೆಯುತ್ತಲೇ ಇದ್ದು ಜಾಗ ಒಣಗುವುದೇ ಇಲ್ಲ. ತೂಗುಹಾಕಿದ ಜಾಕೆಟ್‌ನ ಕೆಳಗಂತೂ ಅದನ್ನು ಇಡಬಾರದು. ನುಸಿ ಗುಳಿಗೆಗೂ ಬೂಸ್ಟಿಗೂ ಸಂಬಂಧವಿಲ್ಲ, ಅದು ಕೀಟಗಳಿಗೆ. ಚರ್ಮದ ಜೇಬಿನಲ್ಲಿ ಹಾಕಿಟ್ಟರೆ ಆ ವಾಸನೆ ಬಿಡಿಸಲು ತಿಂಗಳುಗಳೇ ಬೇಕು.

ಸ್ವೀಡ್‌ಗೆ ನೀರು ನಿರೋಧಕ ಸ್ಪ್ರೇ ಹೊಡೆಯಬಹುದೇ ಎಂದು ಕೊನೆಗೆ ಕೇಳಿದರು. ಹೊಡೆಯಬಹುದು, ಶುಚಿಯಾದ ಒಣ ಜಾಕೆಟ್ ಮೇಲೆ, ಮೊದಲು ಒಳಮಡಿಕೆಯಲ್ಲಿ ಪರೀಕ್ಷಿಸಿ, ಕೋಣೆಯೊಳಗಲ್ಲ, ಬಯಲಿನಲ್ಲಿ, ಗಾಳಿಗೆ ಬೆನ್ನು ಮಾಡಿ. ಆ ತುಂತುರು ಶ್ವಾಸಕೋಶಕ್ಕೆ ಹೋಗುವುದು ಅಪಾಯ. ತೆಳುವಾಗಿ ಒಂದು ಸಲ, ಒಣಗಿದ ಮೇಲೆ ಇನ್ನೊಂದು ಸಲ, ಆಮೇಲೆ ಬ್ರಷ್. ಅದರಿಂದ ಸಿಗುವುದು ಹನಿ ಇಂಗುವ ಮುಂಚೆ ಒತ್ತಿ ತೆಗೆಯಲು ಒಂದಿಷ್ಟು ಸಮಯ ಮಾತ್ರ. ತೊಟ್ಟು ಉಜ್ಜಿದಂತೆ ಅದು ಸವೆಯುತ್ತದೆ, ಕೆಲವು ತಿಂಗಳಿಗೊಮ್ಮೆ ಮತ್ತೆ ಹೊಡೆಯಬೇಕು. ಜೋರು ಮಳೆಯಲ್ಲಿ ಬೈಕ್ ಓಡಿಸಲು ಅದು ಸಾಲದು. ಅದಕ್ಕೆ ರೈನ್‌ಕೋಟ್ ಇದೆ, ಸ್ವೀಡ್ ಜಾಕೆಟ್ ಅದರ ಒಳಗಿರಲಿ ಎಂದೆ.